ಮೋಷನ್ ಟೆಸ್ಟಿನಲ್ಲಿ ಸಿಗದ ಹುಳ

ಕಗ್ಗದಾಸಪುರದ ಮುಖ್ಯರಸ್ತೆಯ ಯಾವ ಲ್ಯಾಬಿಗೆ ಹೋದರೂ ಮಕ್ಕಳ ಮೋಷನ್ ಟೆಸ್ಟ್ ಮಾಡಿಕೊಡುತ್ತಾರೆ. ಮಗು ಸರಿಯಾಗಿ ಊಟ ಮಾಡುತ್ತಿಲ್ಲ, ಹೊಕ್ಕುಳ ಸುತ್ತ ನೋವು ಅನ್ನುತ್ತದೆ, ರಾತ್ರಿಯೆಲ್ಲ ಕುಂಡಿ ಕೆರೆದುಕೊಳ್ಳುತ್ತದೆ ಎಂದು ತಾಯಿ ಹೇಳಿದರೆ ಮೊದಲು ನೆನಪಾಗುವ ಪರೀಕ್ಷೆಯೂ ಅದೇ. ಡಬ್ಬಿಯಲ್ಲಿ ಮಲ ಕೊಟ್ಟು ಸಂಜೆ ರಿಪೋರ್ಟ್ ತಂದರೆ ಹುಳದ ಮೊಟ್ಟೆ ಕಾಣಲಿಲ್ಲ ಎಂದು ಬರೆದಿರುತ್ತದೆ. ಅಂದು ರಾತ್ರಿ ಮಗು ಮತ್ತೆ ಕೆರೆದುಕೊಳ್ಳುತ್ತದೆ.

ಇಲ್ಲಿ ಲ್ಯಾಬಿನವರು ತಪ್ಪು ಬರೆದಿರುವುದಿಲ್ಲ. ಮಗುವಿನ ಕೆರೆತವೂ ಸುಳ್ಳಲ್ಲ. ಈ ಕೆರೆತಕ್ಕೆ ಕಾರಣವಾದ ಹುಳ ತನ್ನ ಮೊಟ್ಟೆಯನ್ನು ಮಲದಲ್ಲಿ ಇಡುವುದೇ ಇಲ್ಲ. ಈ ಒಂದು ಸಂಗತಿಯನ್ನು ಅರ್ಥಮಾಡಿಕೊಂಡು, ಅದಕ್ಕೆ ತಕ್ಕ ಪರೀಕ್ಷೆಯನ್ನು ಕಂಡುಹಿಡಿಯಲು ವೈದ್ಯಲೋಕಕ್ಕೆ 1941ರವರೆಗೆ ಸಮಯ ಹಿಡಿಯಿತು. ಕೊನೆಗೆ ಉತ್ತರ ಸಿಕ್ಕಿದ್ದು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವಾಗ ಬಳಸುವ ಸೆಲ್ಲೋ ಟೇಪಿನಲ್ಲಿ.

ಹುಳದ ಪರಿಚಯ ಮನುಷ್ಯನಿಗೆ ಬಹಳ ಹಳೆಯದು. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳ ವಿಂಗಡಣೆ ಇದೆ. ಅವುಗಳಲ್ಲಿ ಮಲಾಶಯದ ಕ್ರಿಮಿಗಳು ಗುದದ ಬಾಯಿಯ ಬಳಿಗೆ ಬಂದು ಚುಚ್ಚುತ್ತವೆ, ಕೆರೆತ ಹುಟ್ಟಿಸುತ್ತವೆ ಎಂಬ ವಿವರವೂ ಇದೆ. ಅಂದರೆ ಹುಳ ಕೆಳಗಿಳಿದು ಬರುತ್ತದೆ, ಕೆರೆತ ಅದರಿಂದಲೇ ಎಂಬುದನ್ನು ನಮ್ಮ ವೈದ್ಯರು ಆಗಲೇ ಗಮನಿಸಿದ್ದರು. ಅದು ಎಲ್ಲಿಂದ ಬರುತ್ತದೆ, ಯಾಕೆ ಕೆಳಗಿಳಿಯುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಹೊಟ್ಟೆಯಲ್ಲಿ ಕೆಟ್ಟ ಆಹಾರದಿಂದ ಹುಳ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇತ್ತು, ಯುರೋಪಿನಲ್ಲೂ ಇತ್ತು. ಬೆಲ್ಲ ಜಾಸ್ತಿ ತಿಂದರೆ ಹುಳ ಆಗುತ್ತದೆ ಎಂದು ಇಂದಿಗೂ ಅಜ್ಜಿಯರು ಹೇಳುವ ಮಾತಿನ ಬೇರು ಅಲ್ಲಿದೆ.

ಆ ನಂಬಿಕೆಯನ್ನು ಪರೀಕ್ಷೆಗೊಡ್ಡಿದವರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ರುಡಾಲ್ಫ್ ಲ್ಯೂಕಾರ್ಟ್ ಪ್ರಮುಖ. ಹುಳ ಮೊಟ್ಟೆಯಿಂದಲೇ ಬರುವುದಾದರೆ, ಮೊಟ್ಟೆ ನುಂಗಿದವನ ಹೊಟ್ಟೆಯಲ್ಲಿ ಹುಳ ಬೆಳೆಯಬೇಕು. 1865ರಲ್ಲಿ ಅವನೂ ಅವನ ಕೆಲವು ಶಿಷ್ಯರೂ ಈ ಹುಳದ ಮೊಟ್ಟೆಗಳನ್ನು ನುಂಗಿದರು. ಕೆಲವೇ ವಾರಗಳಲ್ಲಿ ಅವರಿಂದ ಹುಳಗಳು ಹೊರಬಿದ್ದವು. ಈ ಹುಳಕ್ಕೆ ನಾಯಿ, ಬೆಕ್ಕು, ಸೊಳ್ಳೆ ಯಾವುದರ ಮಧ್ಯಸ್ಥಿಕೆಯೂ ಬೇಕಿಲ್ಲ, ಮಣ್ಣಿನಲ್ಲಿ ವಾರಗಟ್ಟಲೆ ಕಾಯಬೇಕಾಗಿಯೂ ಇಲ್ಲ, ಮನುಷ್ಯನ ಗುದದಿಂದ ಮನುಷ್ಯನ ಬಾಯಿಗೆ ಮೊಟ್ಟೆ ಸೇರಿದರೆ ಸಾಕು ಎಂಬುದು ಹೀಗೆ ಗಟ್ಟಿಯಾಯಿತು.

ಇಷ್ಟಾದ ಮೇಲೂ ಒಂದು ಗಂಟು ಬಿಚ್ಚಲಿಲ್ಲ. ದುಂಡುಹುಳವಿದ್ದ ಮಗುವಿನ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಟ್ಟೆಗಳು ಸುಲಭವಾಗಿ ಸಿಗುತ್ತವೆ. ಗೇಣುದ್ದದ ಆ ಹೆಣ್ಣುಹುಳ ಕರುಳಿನೊಳಗೇ ಕುಳಿತು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ, ಅವೆಲ್ಲ ಮಲದೊಂದಿಗೆ ಬೆರೆಯುತ್ತವೆ. ಆದರೆ ವೈದ್ಯರು ಪಿನ್‌ವರ್ಮ್ ಎನ್ನುವ, ಬಿಳಿ ದಾರದ ತುಂಡಿನಂಥ ಈ ಪುಟ್ಟ ಹುಳದ ಮೊಟ್ಟೆ ಮಾತ್ರ ಮಲದಲ್ಲಿ ಅಪರೂಪ. ಈ ಹುಳವಿರುವ ನೂರು ಮಕ್ಕಳ ಮಲ ನೋಡಿದರೆ ಐದರಿಂದ ಹದಿನೈದು ಮಕ್ಕಳಲ್ಲಿ ಮೊಟ್ಟೆ ಸಿಕ್ಕರೆ ಹೆಚ್ಚು. ಉಳಿದವರಿಗೆಲ್ಲ ಹುಳವಿಲ್ಲ ಎಂಬ ರಿಪೋರ್ಟ್ ಬರುತ್ತದೆ. ಮಲವನ್ನೇ ನೋಡುತ್ತ ಕುಳಿತಷ್ಟು ಕಾಲ ಇದು ಅಪರೂಪದ ಹುಳ ಎಂದೇ ಲೆಕ್ಕ ಸಿಗುತ್ತಿತ್ತು.

ಕಾರಣ ಹೆಣ್ಣುಹುಳದ ನಡತೆಯಲ್ಲಿದೆ. ಅದರ ಉದ್ದ ಒಂದು ಸೆಂಟಿಮೀಟರಿನಷ್ಟು, ಗಂಡು ಅದರ ಅರ್ಧಕ್ಕಿಂತ ಚಿಕ್ಕದು. ಅವು ವಾಸಿಸುವುದು ದೊಡ್ಡ ಕರುಳಿನ ಆರಂಭದಲ್ಲಿ, ಅಪೆಂಡಿಕ್ಸ್ ಇರುವ ಜಾಗದ ಸುತ್ತ. ಮೊಟ್ಟೆ ತುಂಬಿದ ಹೆಣ್ಣು ಅಲ್ಲೇ ಹಡೆಯುವುದಿಲ್ಲ. ಮಗು ನಿದ್ದೆಹೋದ ಮೇಲೆ ದೊಡ್ಡ ಕರುಳಿನುದ್ದಕ್ಕೂ ಇಳಿದು, ಗುದದ್ವಾರದಿಂದ ಹೊರಬಂದು, ಸುತ್ತಲಿನ ಚರ್ಮದ ಮಡಿಕೆಗಳಲ್ಲಿ ಅಂಟು ದ್ರವದೊಂದಿಗೆ ಸುಮಾರು 10,000 ಮೊಟ್ಟೆ ಇಟ್ಟು ಸಾಯುತ್ತದೆ. ಹುಳದ ಓಡಾಟಕ್ಕೂ ಆ ಅಂಟಿಗೂ ಚರ್ಮ ಕೆರಳಿ ತುರಿಕೆ ಹುಟ್ಟುತ್ತದೆ. ಮಗು ನಿದ್ದೆಗಣ್ಣಲ್ಲೇ ಕೆರೆಯುತ್ತದೆ, ಉಗುರಿನ ಸಂದಿಗೆ ಮೊಟ್ಟೆ ಸೇರುತ್ತದೆ. ನಾಲ್ಕರಿಂದ ಆರು ಗಂಟೆಯೊಳಗೆ ಅವುಗಳೊಳಗಿನ ಮರಿ ಬಲಿತು, ನುಂಗಿದರೆ ಹೊಟ್ಟೆ ಸೇರಲು ಸಿದ್ಧವಾಗಿರುತ್ತದೆ. ರಾತ್ರಿ ಹನ್ನೆರಡಕ್ಕೆ ಇಟ್ಟ ಮೊಟ್ಟೆ ಬೆಳಿಗ್ಗೆ ಬೆರಳು ಚೀಪುವ ಹೊತ್ತಿಗೆ ತಯಾರು.

ಹಾಗಾದರೆ ಹುಡುಕಬೇಕಾದದ್ದು ಮಲವನ್ನಲ್ಲ, ಚರ್ಮವನ್ನು. ಹೊತ್ತು ಕೂಡ ಗೊತ್ತಾಯಿತು: ರಾತ್ರಿ ಕಳೆದು, ಮಗು ಕಕ್ಕಸಿಗೆ ಹೋಗುವ ಮುಂಚೆ. ಚರ್ಮಕ್ಕೆ ಅಂಟಿದ, ಕಣ್ಣಿಗೆ ಕಾಣದ, ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಉದ್ದದ ಮೊಟ್ಟೆಯನ್ನು ಮಗುವಿಗೆ ನೋವಾಗದಂತೆ ಎತ್ತಿ ಗಾಜಿನ ಸ್ಲೈಡಿಗೆ ತರುವುದು ಹೇಗೆ ಎಂಬುದೊಂದೇ ಉಳಿದ ಪ್ರಶ್ನೆ. ಕೆರೆದು ತೆಗೆಯುವ, ಒರೆಸಿ ತೆಗೆಯುವ ಬಗೆಬಗೆಯ ಉಪಾಯಗಳನ್ನು ಹಲವರು ಮಾಡಿ ನೋಡಿದ್ದರು. ಒರೆಸಿದ ಹತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡ ಮೊಟ್ಟೆಯನ್ನು ಮತ್ತೆ ಬಿಡಿಸುವುದೇ ಕಷ್ಟ.

ಇಲ್ಲಿ ಕತೆ ಅಮೆರಿಕದ ವಾಷಿಂಗ್ಟನ್‌ಗೆ ಹೋಗುತ್ತದೆ. ಮಾರಿಸ್ ಹಾಲ್ ಹುಳಗಳ ವಿಷಯದಲ್ಲಿ ಜೀವನವಿಡೀ ಕೆಲಸ ಮಾಡಿದವನು. ಕೊಕ್ಕೆಹುಳಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಔಷಧಿಯಾಗಬಲ್ಲದು ಎಂದು 1921ರಲ್ಲಿ ತೋರಿಸಿ ಹೆಸರಾಗಿದ್ದವನು. 1930ರ ದಶಕದಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಅವನೂ ಎಲೋಯಿಸ್ ಕ್ರ್ಯಾಮ್ ಮೊದಲಾದ ಸಹೋದ್ಯೋಗಿಗಳೂ ಈ ಒಂದೇ ಹುಳದ ಮೇಲೆ ಸಾಲು ಸಾಲು ಅಧ್ಯಯನ ನಡೆಸಿದರು. 1937ರಲ್ಲಿ ಹಾಲ್ ಪ್ರಕಟಿಸಿದ ಉಪಕರಣ ತೀರ ಸರಳ. ಗಾಜಿನ ಕಡ್ಡಿಯ ತುದಿಗೆ ಸಣ್ಣ ಚೌಕ ಸೆಲೋಫೇನ್ ಹಾಳೆ ಸುತ್ತಿ, ರಬ್ಬರ್ ಬ್ಯಾಂಡಿನಿಂದ ಬಿಗಿಯುವುದು. ಅದನ್ನು ಗುದದ ಸುತ್ತಲ ಮಡಿಕೆಗಳ ಮೇಲೆ ಆಡಿಸಿ, ಹಾಳೆ ಬಿಚ್ಚಿ ಸ್ಲೈಡಿನ ಮೇಲೆ ಹರಡಿ ನೋಡುವುದು. ಸೆಲೋಫೇನ್ ಪಾರದರ್ಶಕವಾದ್ದರಿಂದ ಮೊಟ್ಟೆಯನ್ನು ಬಿಡಿಸಬೇಕಿಲ್ಲ, ಹಾಳೆಯ ಸಮೇತ ನೋಡಬಹುದು.

ಈ ಕಡ್ಡಿ ಕೈಗೆ ಬಂದ ಮೇಲೆ ಅಪರೂಪದ ಹುಳ ಎಂಬ ಲೆಕ್ಕ ತಲೆಕೆಳಗಾಯಿತು. ಶುಚಿಯಾದ ಶೌಚಾಲಯ, ನಲ್ಲಿ ನೀರು, ಷೂ ಎಲ್ಲ ಇದ್ದ ಮನೆಗಳ ಮಕ್ಕಳಲ್ಲೂ ಮೊಟ್ಟೆ ಸಿಕ್ಕವು. ಬರಿಗಾಲಿನಲ್ಲಿ ಓಡಾಡುವ, ಬಯಲಿಗೆ ಹೋಗುವ ಬಡವರ ಕಾಯಿಲೆ ಎಂಬ ಮಾತು ಕೊಕ್ಕೆಹುಳಕ್ಕೆ ಸಲ್ಲಬಹುದು, ಇದಕ್ಕಲ್ಲ. ಇದು ಒಂದೇ ಹಾಸಿಗೆ, ಒಂದೇ ತರಗತಿ, ಒಂದೇ ಆಟಿಕೆ ಹಂಚಿಕೊಳ್ಳುವ ಮಕ್ಕಳ ಕಾಯಿಲೆ. ಹಾಗಾಗಿಯೇ ಕಗ್ಗದಾಸಪುರದಲ್ಲಿ ಕೆರೆಯ ಕಡೆಯ ಹೊಸ ಅಪಾರ್ಟ್‌ಮೆಂಟಿನ ಮಗುವಿಗೂ, ಕಟ್ಟಡ ಕೆಲಸದವರ ಶೆಡ್ಡಿನ ಮಗುವಿಗೂ, ಪ್ಲೇ ಹೋಂನ ಮಗುವಿಗೂ, ಅಂಗನವಾಡಿಯ ಮಗುವಿಗೂ ಇದು ಬರಬಲ್ಲದು. ಮನೆಗೆಲಸ ಚೆನ್ನಾಗಿ ಮಾಡುತ್ತಿಲ್ಲ ಎಂದು ಯಾವ ತಾಯಿಯನ್ನೂ ದೂರುವ ಹಾಗಿಲ್ಲ.

ಅದೇ ತಂಡದ ಕೆಲಸದ ಮುಂದುವರಿಕೆಯಾಗಿ 1939ರಲ್ಲಿ ನೋಲನ್ ಮತ್ತು ರಿಯರ್ಡನ್ ಹುಳವಿದ್ದ ಮನೆಗಳ ಧೂಳನ್ನು ಪರೀಕ್ಷಿಸಿದರು. ಧೂಳಿನಲ್ಲೂ ಮೊಟ್ಟೆಗಳು ಸಿಕ್ಕವು. ಹಾಸಿಗೆ ಕೊಡವಿದಾಗ ಮೊಟ್ಟೆ ಹಾರಿ ಸುತ್ತಲೂ ಕೂರುತ್ತದೆ. ತಂಪು, ತೇವ ಇರುವ ಕಡೆ ಅದು ಎರಡು ಮೂರು ವಾರ ಬದುಕಿರಬಲ್ಲದು. ಒಂದು ಮಗುವಿಗೆ ಔಷಧಿ ಕೊಟ್ಟು ಸುಮ್ಮನಾದರೆ ಯಾಕೆ ಸಾಲದು ಎಂಬುದಕ್ಕೆ ಈ ಧೂಳಿನಲ್ಲಿ ಉತ್ತರ ಇತ್ತು.

ಹಾಲ್ 1938ರಲ್ಲಿ ತೀರಿಕೊಂಡ. ಅವನ ಕಡ್ಡಿಗೆ ಒಂದು ಕೊರತೆ ಉಳಿದಿತ್ತು. ಅದನ್ನು ಯಾರಾದರೂ ತಯಾರಿಸಿ ಕೊಡಬೇಕು, ಬಳಸಿದ ಮೇಲೆ ಬಿಚ್ಚಿ ಹರಡಬೇಕು. ಅಷ್ಟರಲ್ಲಿ ಸೆಲೋಫೇನಿನ ಮೇಲೆ ಅಂಟು ಬಳಿದ ಪಾರದರ್ಶಕ ಟೇಪು ಅಮೆರಿಕದ ಮನೆಮನೆಗೆ ಬಂದಿತ್ತು. 3ಎಂ ಕಂಪನಿಯ ರಿಚರ್ಡ್ ಡ್ರೂ ಅದನ್ನು ರೂಪಿಸಿದ್ದು 1930ರಲ್ಲಿ. 1941ರಲ್ಲಿ ಗ್ರಹಾಂ ಎಂಬ ಸಂಶೋಧಕ ಆ ಟೇಪನ್ನೇ ಹುಳ ಪತ್ತೆಗೆ ಬಳಸುವ ವಿಧಾನವನ್ನು ಉಷ್ಣವಲಯದ ಕಾಯಿಲೆಗಳ ಅಮೆರಿಕನ್ ಪತ್ರಿಕೆಯಲ್ಲಿ ಪ್ರಕಟಿಸಿದ. ಟೇಪಿನ ಅಂಟು ಮೊಟ್ಟೆಯನ್ನು ಹಿಡಿಯುತ್ತದೆ, ಅದೇ ಅಂಟಿನಿಂದ ಟೇಪು ಸ್ಲೈಡಿಗೂ ಕೂರುತ್ತದೆ. ಬಿಚ್ಚುವುದು, ತೊಳೆಯುವುದು, ಹರಡುವುದು ಯಾವುದೂ ಇಲ್ಲ. ಮಾಡಲು ದಾದಿಯೂ ಬೇಕಿಲ್ಲ, ತಾಯಿಯೇ ಸಾಕು. ಆಗಿನಿಂದ ಇವತ್ತಿನವರೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬಂದಿಲ್ಲ.

ಮಾಡುವ ಕ್ರಮ ಹೀಗೆ. ಮಗು ಏಳುತ್ತಿದ್ದ ಹಾಗೆ, ಕಕ್ಕಸಿಗೆ ಹೋಗುವ, ತೊಳೆಯುವ, ಸ್ನಾನ ಮಾಡಿಸುವ ಮುಂಚೆ ಇದನ್ನು ಮಾಡಬೇಕು. ನೀರಿನಿಂದ ತೊಳೆಯುವ ಅಭ್ಯಾಸ ಇರುವ ನಮ್ಮ ಮನೆಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ಬೆಲೆ, ಯಾಕೆಂದರೆ ಒಮ್ಮೆ ತೊಳೆದರೆ ಮೊಟ್ಟೆಗಳೂ ಹೋಗುತ್ತವೆ. ಮೂರು ನಾಲ್ಕು ಅಂಗುಲ ಉದ್ದದ ಪಾರದರ್ಶಕ ಟೇಪನ್ನು ಐಸ್‌ಕ್ರೀಂ ಕಡ್ಡಿಯಂಥ ಚಪ್ಪಟೆ ಕಡ್ಡಿಯ ತುದಿಗೆ ಅಂಟು ಹೊರಗಿರುವ ಹಾಗೆ ಬಳಸಿ ಹಿಡಿಯಬೇಕು. ಹಾಲಿನ ಬಣ್ಣದ ಮಂಕು ಟೇಪು ಬೇಡ, ಅದರ ಮೂಲಕ ಮೊಟ್ಟೆ ಸ್ಪಷ್ಟವಾಗಿ ಕಾಣುವುದಿಲ್ಲ. ಕುಂಡಿಯನ್ನು ಅಗಲಿಸಿ, ಗುದದ್ವಾರದ ಒಳಗಲ್ಲ, ಅದರ ಸುತ್ತಲ ಮಡಿಕೆಗಳ ಮೇಲೆ ನಾಲ್ಕಾರು ಕಡೆ ಟೇಪನ್ನು ಒತ್ತಿ ಎತ್ತಬೇಕು. ನಂತರ ಲ್ಯಾಬಿನಿಂದ ತಂದ ಗಾಜಿನ ಸ್ಲೈಡಿನ ಮೇಲೆ ಅಂಟಿಸಿ, ಹೆಸರು, ದಿನಾಂಕ ಬರೆದು, ಸೋಪು ಹಾಕಿ ಕೈ ತೊಳೆದುಕೊಳ್ಳಬೇಕು. ಲ್ಯಾಬಿನವರು ನೋಡುವುದು ಒಂದು ಬದಿ ಚಪ್ಪಟೆಯಾಗಿ, ಇನ್ನೊಂದು ಬದಿ ಉಬ್ಬಿರುವ ಮೊಟ್ಟೆಯನ್ನು. ಆ ಆಕಾರದಿಂದಲೇ ಇದು ಬೇರೆ ಹುಳದ್ದಲ್ಲ ಎಂದು ಹೇಳಬಹುದು.

ಒಂದು ದಿನ ಮೊಟ್ಟೆ ಸಿಗದಿದ್ದರೆ ಹುಳ ಇಲ್ಲ ಎಂದು ತೀರ್ಮಾನಿಸಬಾರದು. ಹೆಣ್ಣುಹುಳ ಪ್ರತಿ ರಾತ್ರಿಯೂ ಹೊರಬರುವುದಿಲ್ಲ. ಒಂದು ಬೆಳಗಿನ ಟೇಪಿನಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪತ್ತೆಯಾಗುತ್ತಾರೆ, ಸತತ ಮೂರು ಬೆಳಗ್ಗೆ ಮಾಡಿದರೆ ನೂರಕ್ಕೆ ತೊಂಬತ್ತು. ಟೇಪು, ಲ್ಯಾಬು ಯಾವುದೂ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಮಗು ಮಲಗಿ ಎರಡು ಮೂರು ಗಂಟೆಯಾದ ಮೇಲೆ ಚಡ್ಡಿ ಸರಿಸಿ ಟಾರ್ಚ್ ಹಾಕಿ ನೋಡಿದರೆ ಬಿಳಿ ಹುಳ ಹರಿದಾಡುವುದು ಬರಿಗಣ್ಣಿಗೇ ಕಾಣಬಹುದು.

ಪತ್ತೆಯಾದ ಮೇಲೆ ಔಷಧಿಯ ಮಾತು. ನಮ್ಮಲ್ಲಿ ಬಳಸುವ ಆಲ್ಬೆಂಡಜೋಲ್ ಮಾತ್ರೆ 1970ರ ದಶಕದಲ್ಲಿ ದನ, ಕುರಿಗಳ ಹುಳಕ್ಕೆಂದು ರೂಪುಗೊಂಡು ಆಮೇಲೆ ಮನುಷ್ಯರಿಗೆ ಬಂದದ್ದು. ಹುಳ ಸಕ್ಕರೆ ಹೀರಿಕೊಳ್ಳುವುದನ್ನು ಅದು ತಡೆಯುತ್ತದೆ, ಹುಳ ಶಕ್ತಿಯಿಲ್ಲದೆ ಸಾಯುತ್ತದೆ. 2015ರ ಫೆಬ್ರವರಿ 10ರಂದು ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ 1ರಿಂದ 19 ವರ್ಷದವರಿಗೆ ಇದೇ ಮಾತ್ರೆ ಕೊಡುತ್ತಾರೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂ, ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆಯನ್ನು ಪುಡಿಮಾಡಿ. ಆ ಕಾರ್ಯಕ್ರಮದ ಗುರಿ ಮಣ್ಣಿನಿಂದ ಹರಡುವ ದುಂಡುಹುಳ, ಚಾಟಿಹುಳ, ಕೊಕ್ಕೆಹುಳಗಳು. ಪಿನ್‌ವರ್ಮ್ ಕೂಡ ಅದೇ ಮಾತ್ರೆಗೆ ಸಾಯುತ್ತದೆ, ಆದರೆ ಅದರ ಮೊಟ್ಟೆ ಸಾಯುವುದಿಲ್ಲ.

ಈ ವ್ಯತ್ಯಾಸದಿಂದ ಏನಾಗುತ್ತದೆ ಎಂದು ನೋಡಲು ಕಗ್ಗದಾಸಪುರದ ಒಂದು ಬಾಡಿಗೆ ಮನೆಯನ್ನು ಕಲ್ಪಿಸಿಕೊಳ್ಳೋಣ. ಅಪ್ಪ, ಅಮ್ಮ, ಸರ್ಕಾರಿ ಶಾಲೆಯ ಆರು ವರ್ಷದ ಮಗಳು, ಅಂಗನವಾಡಿಯ ಮೂರು ವರ್ಷದ ಮಗ. ನಾಲ್ವರೂ ಒಂದೇ ಕೋಣೆಯಲ್ಲಿ ಮಲಗುವವರು. ಫೆಬ್ರವರಿ 10ರಂದು ಮಕ್ಕಳಿಬ್ಬರೂ ಮಾತ್ರೆ ಅಗಿದು ತಿಂದರು. ಒಂದೆರಡು ದಿನದಲ್ಲಿ ಮಗನ ಕೆರೆತ ನಿಂತಿತು. ಆದರೆ ಚಾದರದ ಮೇಲೆ, ದಿಂಬಿನ ಮೇಲೆ, ಉಗುರಿನ ಸಂದಿಯಲ್ಲಿ ಹಿಂದಿನ ವಾರದ ಮೊಟ್ಟೆಗಳು ಉಳಿದಿವೆ. ಫೆಬ್ರವರಿ 13ರಂದು ಅವುಗಳಲ್ಲಿ ಕೆಲವು ಮತ್ತೆ ಅವನ ಬಾಯಿಗೆ ಹೋದವು. ಮಾತ್ರೆಯ ಪ್ರಭಾವ ಅಷ್ಟರಲ್ಲಿ ಮುಗಿದಿತ್ತು. ನುಂಗಿದ ಮೊಟ್ಟೆ ಹೆಣ್ಣುಹುಳವಾಗಿ ಮೊಟ್ಟೆ ಇಡುವ ಹಂತಕ್ಕೆ ಬರಲು ಸುಮಾರು ಒಂದು ತಿಂಗಳು ಬೇಕು. ಮಾರ್ಚ್ ಮಧ್ಯದ ಹೊತ್ತಿಗೆ ಕೆರೆತ ಹಿಂತಿರುಗಿತು. ಸ್ಕೂಲಿನ ಮಾತ್ರೆ ಕೆಲಸಕ್ಕೆ ಬಾರದ್ದು ಎಂದು ಮನೆಯವರಿಗೆ ಅನಿಸಿತು. ಮಾತ್ರೆ ತನ್ನ ಕೆಲಸ ಮಾಡಿತ್ತು. ಉಳಿದ ಮೊಟ್ಟೆಗಳ ಲೆಕ್ಕವನ್ನು ಯಾರೂ ಹಿಡಿದಿರಲಿಲ್ಲ, ಅಷ್ಟೆ.

ಅದೇ ಮನೆಯಲ್ಲಿ ಫೆಬ್ರವರಿ 24ರಂದು, ಅಂದರೆ ಎರಡು ವಾರ ಕಳೆದು, ಇನ್ನೊಂದು ಡೋಸ್ ಕೊಟ್ಟಿದ್ದರೆ ಫೆಬ್ರವರಿ 13ರ ಮೊಟ್ಟೆಗಳಿಂದ ಬಂದ ಹುಳಗಳು ಮೊಟ್ಟೆ ಇಡುವ ವಯಸ್ಸಿಗೆ ಬರುವ ಮುಂಚೆಯೇ ಸಾಯುತ್ತಿದ್ದವು. ಎರಡು ವಾರದ ಅಂತರದ ಗುಟ್ಟು ಇದು. ಎರಡೂ ದಿನ ಅಪ್ಪ, ಅಮ್ಮನೂ ಮಾತ್ರೆ ತೆಗೆದುಕೊಳ್ಳಬೇಕಿತ್ತು. ದೊಡ್ಡವರಿಗೆ ಕೆರೆತ ಇಲ್ಲದಿದ್ದರೂ ಹುಳ ಇರಬಹುದು, ಅವರಿಂದ ಮಕ್ಕಳಿಗೆ ಮತ್ತೆ ಬರಬಹುದು. ಎರಡನೆಯ ಡೋಸ್, ದೊಡ್ಡವರ ಡೋಸ್ ಶಾಲೆಯಲ್ಲಿ ಸಿಗುವುದಿಲ್ಲ, ವೈದ್ಯರನ್ನೇ ಕೇಳಬೇಕು. ಮನೆಯಲ್ಲಿ ಗರ್ಭಿಣಿ ಇದ್ದರೆ ಅಥವಾ ಒಂದು ವರ್ಷದೊಳಗಿನ ಕೂಸಿದ್ದರೆ ಅದನ್ನು ಮೊದಲೇ ಹೇಳಬೇಕು, ಅವರಿಗೆ ಈ ಮಾತ್ರೆಯನ್ನು ತಾವಾಗಿ ಕೊಡುವಂತಿಲ್ಲ.

ಆ ಎರಡು ವಾರದಲ್ಲಿ ಮನೆಯ ಕೆಲಸ ಬಹಳವಿಲ್ಲ. ಉಗುರು ಚಿಕ್ಕದಾಗಿ ಕತ್ತರಿಸಬೇಕು. ಸ್ನಾನ ಸಂಜೆಗಲ್ಲ, ಬೆಳಿಗ್ಗೆ ಎದ್ದ ಕೂಡಲೆ ಮಾಡಿಸಬೇಕು, ರಾತ್ರಿ ಇಟ್ಟ ಮೊಟ್ಟೆ ಹರಡುವ ಮುಂಚೆ ತೊಳೆದುಹೋಗಲಿ ಎಂದು. ರಾತ್ರಿ ಮೈಗೊಪ್ಪುವ ಚಡ್ಡಿ ಹಾಕಿ, ಬೆಳಿಗ್ಗೆ ಬದಲಿಸಬೇಕು. ಚಾದರ, ದಿಂಬಿನ ಕವರನ್ನು ಕೊಡವದೆ ಮಡಿಚಿ ಎತ್ತಿ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ನೆಲವನ್ನು ಒಣ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಏಳುವುದಿಲ್ಲ. ಕಕ್ಕಸಿಗೆ ಹೋಗಿ ಬಂದ ಮೇಲೆ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು ನಾಲ್ವರಿಗೂ ಅನ್ವಯ. ಬೆಲ್ಲ, ಚಾಕೊಲೇಟ್ ಬಿಡಿಸುವುದರಿಂದ ಹುಳ ಹೋಗುವುದಿಲ್ಲ. ಹಲ್ಲು ಕಡಿಯುವುದನ್ನು ಹುಳದ ಗುರುತೆಂದು ನಂಬಿ ಮಾತ್ರೆ ಕೊಡುವುದಕ್ಕೂ ಆಧಾರವಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ರಾತ್ರಿ ಹೊರಬಂದ ಹುಳ ದಾರಿತಪ್ಪಿ ಮುಂದಿನ ಭಾಗಕ್ಕೆ ಹೋಗುವುದುಂಟು. ಆಗ ಅಲ್ಲಿ ತುರಿಕೆ, ಬಿಳಿಸೆರಗು, ಮೂತ್ರ ಮಾಡುವಾಗ ಉರಿ ಕಾಣಿಸುತ್ತದೆ. ಇದನ್ನು ಮೂತ್ರದ ಸೋಂಕೆಂದು ತಿಳಿದು ಆಂಟಿಬಯಾಟಿಕ್ ಕೊಟ್ಟರೆ ಗುಣವಾಗುವುದಿಲ್ಲ. ಮಗಳಿಗೆ ಇಂಥ ತೊಂದರೆ ಪದೇ ಪದೇ ಬರುತ್ತಿದ್ದು, ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಮೂರು ಬೆಳಗಿನ ಟೇಪ್ ಪರೀಕ್ಷೆ ಮಾಡಿಸಿ ಎಂದು ವೈದ್ಯರನ್ನು ಕೇಳಬಹುದು.

ಟೇಪಿನ ಪರೀಕ್ಷೆಗೂ ಮಿತಿ ಇದೆ. ಅದು ಕೆರೆತದ ಹುಳವನ್ನು ಹಿಡಿಯುತ್ತದೆ, ದುಂಡುಹುಳವನ್ನೂ ಕೊಕ್ಕೆಹುಳವನ್ನೂ ಹಿಡಿಯುವುದಿಲ್ಲ. ಹೊಟ್ಟೆನೋವು, ಊಟ ಸೇರದಿರುವುದು, ಮುಖ ಬಿಳಿಚಿಕೊಳ್ಳುವುದು ಮುಖ್ಯ ತೊಂದರೆಯಾಗಿದ್ದು ಕೆರೆತವೇ ಇಲ್ಲದಿದ್ದರೆ ಮೋಷನ್ ಟೆಸ್ಟೇ ಸರಿ. ಕೆರೆತ ಮುಖ್ಯವಾಗಿದ್ದರೆ ಟೇಪು. ಎರಡೂ ಇದ್ದರೆ ಎರಡೂ. ಎರಡರಲ್ಲೂ ಏನೂ ಸಿಗದೆ ನೋವು ಮಾತ್ರ ಉಳಿದರೆ ಹುಳವನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು. ಮಲ ಗಟ್ಟಿಯಾಗಿ ಕಟ್ಟಿಕೊಳ್ಳುವುದು ಮಕ್ಕಳ ಹೊಟ್ಟೆನೋವಿಗೆ ತೀರ ಸಾಮಾನ್ಯ ಕಾರಣ. ನೋವು ಹೊಕ್ಕುಳಿನಿಂದ ಬಲಕ್ಕೆ ಸರಿದು ನೆಲೆ ನಿಂತರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿ ಬಿಗಿದರೆ, ಮಲದಲ್ಲಿ ರಕ್ತ ಕಂಡರೆ ಟೇಪನ್ನೂ ಮಾತ್ರೆಯನ್ನೂ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.